ಯಾವ ಶಿಖರ ಮುರಿದರೆ ಲೆಕ್ಕ?

ಪ್ರಶ್ನೆ: ನಿಫ್ಟಿ ಫ್ಯೂಚರ್ಸ್‌ನಲ್ಲಿ ಐದು ನಿಮಿಷದ ಚಾರ್ಟ್ ಇಟ್ಕೊಂಡು ಟ್ರೇಡ್ ಮಾಡ್ತೀನಿ ಸರ್. ಹೈಯರ್ ಹೈ, ಲೋಯರ್ ಲೋ ಗುರುತು ಹಾಕೋದು ಬರುತ್ತೆ. ಸ್ಟ್ರಕ್ಚರ್ ಬ್ರೇಕ್ ಆದ್ಮೇಲೆ ಪುಲ್‌ಬ್ಯಾಕ್‌ಗೆ ಕಾದು ಕೊಂಡ್ಕೋತೀನಿ. ಆದ್ರೆ ಹತ್ತರಲ್ಲಿ ಆರೇಳು ಸಲ ಬ್ರೇಕೇ ಸುಳ್ಳಾಗುತ್ತೆ, ಇಲ್ಲಾಂದ್ರೆ ನನ್ನ ಸ್ಟಾಪ್‌ಲಾಸ್ ಹೊಡೆದು ಆಮೇಲೆ ಮೇಲಕ್ಕೆ ಹೋಗುತ್ತೆ. ಎಲ್ಲಿ ತಪ್ತಿದೀನಿ?
— ಓದುಗರು, ದಾವಣಗೆರೆ

ಉತ್ತರ: ನಿಮ್ಮ ತಪ್ಪು ಪುಲ್‌ಬ್ಯಾಕ್‌ನಲ್ಲಿ ಇಲ್ಲ, ಅದಕ್ಕೂ ಒಂದು ಹೆಜ್ಜೆ ಹಿಂದೆ ಇದೆ ಅನ್ನಿಸುತ್ತದೆ. ಚಾರ್ಟ್‌ನಲ್ಲಿ ಕಾಣುವ ಎಲ್ಲಾ ಶಿಖರಗಳನ್ನೂ ನೀವು ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದೀರಿ. ಬೆಳಿಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ ಐದು ನಿಮಿಷದ ಕ್ಯಾಂಡಲ್ ಒಟ್ಟು 75. ಅಕ್ಕಪಕ್ಕದ ಎರಡೆರಡು ಕ್ಯಾಂಡಲ್‌ಗಿಂತ ಎತ್ತರ ಇದ್ದದ್ದನ್ನೆಲ್ಲ ‘ಸ್ವಿಂಗ್ ಹೈ’ ಅಂತ ಗುರುತು ಹಾಕುತ್ತಾ ಹೋದರೆ ಒಂದೇ ದಿನದಲ್ಲಿ ಹತ್ತಾರು ಶಿಖರ, ಹತ್ತಾರು ತಗ್ಗು ಸಿಗುತ್ತವೆ. ಅವುಗಳಲ್ಲಿ ಒಂದಲ್ಲ ಒಂದು ಅರ್ಧ ಗಂಟೆಗೊಮ್ಮೆ ಮುರಿಯುತ್ತಲೇ ಇರುತ್ತದೆ. ಅದನ್ನೆಲ್ಲ ಸ್ಟ್ರಕ್ಚರ್ ಬ್ರೇಕ್ ಎಂದು ಕರೆದರೆ, ಬಸ್ ಸ್ಟ್ಯಾಂಡಿನಲ್ಲಿ ಯಾರು ಕೂಗಿದರೂ ನಮ್ಮೂರಿನ ಬಸ್ಸೇ ಬಂತು ಅಂತ ಚೀಲ ಎತ್ತಿಕೊಂಡು ಓಡಿದ ಹಾಗಾಗುತ್ತದೆ.

ಈ ವಿಚಾರ ಹೊಸದೇನಲ್ಲ. ಶಿಖರಗಳೂ ತಗ್ಗುಗಳೂ ಒಂದಕ್ಕಿಂತ ಒಂದು ಮೇಲೇರುತ್ತಿದ್ದರೆ ಏರುಮುಖ, ಎರಡೂ ಇಳಿಯುತ್ತಿದ್ದರೆ ಇಳಿಮುಖ ಎಂಬ ಮಾತಿನ ಬೇರು ಇರುವುದು 1902ರಲ್ಲಿ ತೀರಿಕೊಂಡ ಚಾರ್ಲ್ಸ್ ಡೌ ಅವರ ಬರಹಗಳಲ್ಲಿ. ಡೌ ವಿಧಾನದವರು ನೋಡುತ್ತಿದ್ದದ್ದು ಸೂಚ್ಯಂಕದ ದಿನದ ಮುಕ್ತಾಯದ ಬೆಲೆಯನ್ನು. ‘ಬ್ರೇಕ್ ಆಫ್ ಸ್ಟ್ರಕ್ಚರ್’, ‘ಚೇಂಜ್ ಆಫ್ ಕ್ಯಾರೆಕ್ಟರ್’ ಎಂಬ ಹೆಸರುಗಳು ಬಹಳ ಈಚಿನವು. ಇವತ್ತು ಬಹುತೇಕ ಕಡೆ ಹೀಗೆ ಬಳಸುತ್ತಾರೆ: ನಡೆಯುತ್ತಿರುವ ದಿಕ್ಕಿನಲ್ಲೇ ಹಿಂದಿನ ಶಿಖರ ಅಥವಾ ತಗ್ಗು ಮುರಿದರೆ ಬ್ರೇಕ್ ಆಫ್ ಸ್ಟ್ರಕ್ಚರ್, ದಿಕ್ಕಿಗೆ ಎದುರಾಗಿ ಮುರಿದರೆ ಚೇಂಜ್ ಆಫ್ ಕ್ಯಾರೆಕ್ಟರ್. ಹೆಸರಿನ ಜಗಳ ನನಗೆ ಬೇಡ, ಇಲ್ಲಿ ಎರಡನ್ನೂ ‘ಮುರಿತ’ ಎಂದೇ ಕರೆಯುತ್ತೇನೆ. ಆದರೆ ಕ್ಯಾಂಡಲ್‌ನ ಬಾಲ ದಾಟಿದರೆ ಸಾಕೋ, ಮುಕ್ತಾಯವೇ ದಾಟಬೇಕೋ ಎಂಬ ಪ್ರಶ್ನೆಗೆ ಹಳೆಯವರ ಉತ್ತರವೇ ಸರಿ ಎಂದು ನನ್ನ ಅನುಭವ. ಯಾಕೆಂದು ಮುಂದೆ ತೋರಿಸುತ್ತೇನೆ.

ಮೊದಲು ಯಾವ ಶಿಖರ ಲೆಕ್ಕಕ್ಕೆ ಬರುತ್ತದೆ ನೋಡೋಣ. ಇಳಿಮುಖದಲ್ಲಿ ಬೆಲೆ ಒಂದು ಹೊಸ ತಳ ಮಾಡಿತು ಎಂದುಕೊಳ್ಳಿ. ಆ ತಳಕ್ಕೆ ಬೆಲೆಯನ್ನು ತಳ್ಳಿದ ಇಳಿತ ಯಾವ ಶಿಖರದಿಂದ ಶುರುವಾಯಿತೋ, ಆ ಶಿಖರವೊಂದೇ ಲೆಕ್ಕದ ಶಿಖರ. ನಡುವೆ ಬಂದ ಸಣ್ಣ ಪುಟ್ಟ ಗುಡ್ಡಗಳು ಎಣಿಕೆಗೆ ಇಲ್ಲ. ಕಾರಣ ಸರಳ. ಆ ಶಿಖರದಲ್ಲಿ ಮಾರಿದವರು ಗೆದ್ದಿದ್ದಾರೆ, ಮಾರುಕಟ್ಟೆಯನ್ನು ಹೊಸ ತಳಕ್ಕೆ ಕೊಂಡೊಯ್ಯುವಷ್ಟು ಅವರಿಗೆ ಬಲ ಇತ್ತು. ಅವರ ಜಾಗವನ್ನೇ ಕೊಳ್ಳುವವರು ಹಿಡಿದುಕೊಂಡರೆ ಮಾತ್ರ ಏನೋ ಬದಲಾಗಿದೆ ಎನ್ನಬಹುದು. ನಡುದಾರಿಯ ಗುಡ್ಡದಲ್ಲಿ ಮಾರಿದವರು ಸೋತರೆ ಸೋತವರು ಅವರು ಮಾತ್ರ, ದೊಡ್ಡ ಮಾರಾಟಗಾರ ಇನ್ನೂ ಮೇಲೆ ಕೂತಿರುತ್ತಾನೆ. ಏರುಮುಖಕ್ಕೆ ಇದನ್ನೇ ತಿರುಗಿಸಿ: ಕೊನೆಯ ಹೊಸ ಶಿಖರವನ್ನು ಹುಟ್ಟಿಸಿದ ತಗ್ಗು ಯಾವುದೋ ಅದೇ ಲೆಕ್ಕದ ತಗ್ಗು.

ಸ್ವಿಂಗ್ ಎಂದರೆ ಎಷ್ಟು ದೊಡ್ಡದಿರಬೇಕು ಎನ್ನುವುದನ್ನೂ ಮೊದಲೇ ತೀರ್ಮಾನಿಸಿ ಬರೆದಿಟ್ಟುಕೊಳ್ಳಬೇಕು. ನಿಫ್ಟಿಯ ದಿನದ ಚಾರ್ಟ್‌ಗೆ ನಾನು ಇಟ್ಟುಕೊಂಡಿರುವ ಅಳತೆ ಶೇ 2.5. ಶಿಖರದಿಂದ ಬೆಲೆ ಅಷ್ಟು ಕೆಳಗೆ ಬರುವವರೆಗೆ ಅದನ್ನು ಶಿಖರ ಎನ್ನುವುದಿಲ್ಲ, ತಗ್ಗಿನಿಂದ ಅಷ್ಟು ಮೇಲೆ ಏಳುವವರೆಗೆ ಅದನ್ನು ತಗ್ಗು ಎನ್ನುವುದಿಲ್ಲ. ಇದರಲ್ಲಿ ಪವಿತ್ರವಾದದ್ದು ಏನೂ ಇಲ್ಲ, ಶೇ 3 ಇಟ್ಟುಕೊಂಡರೂ ನಡೆಯುತ್ತದೆ. ಆದರೆ ಒಮ್ಮೆ ಇಟ್ಟದ್ದನ್ನು ಟ್ರೇಡ್ ತೆಗೆದುಕೊಳ್ಳುವ ಆಸೆ ಬಂದಾಗ ಬದಲಿಸಬಾರದು. ಇದಕ್ಕೊಂದು ಬೆಲೆಯೂ ಇದೆ: ಶಿಖರ ಶಿಖರವೇ ಎಂದು ಗೊತ್ತಾಗುವ ಹೊತ್ತಿಗೆ ಬೆಲೆ ಅಲ್ಲಿಂದ ಶೇ 2.5 ದೂರ ಹೋಗಿರುತ್ತದೆ. ಚಾರ್ಟ್ ಮೇಲೆ ಸಾಫ್ಟ್‌ವೇರ್ ಹಾಕುವ ಚಂದದ ಗುರುತುಗಳು ಹಿಂದಿನ ದಿನಗಳಲ್ಲಿ ಅಷ್ಟು ಕರಾರುವಾಕ್ಕಾಗಿ ಕಾಣುವುದು ಇದರಿಂದಲೇ. ಅವನ್ನು ಹಾಕಿದ್ದು ಆಮೇಲೆ.

ಈಗ 2025ರ ಮೊದಲರ್ಧದ ನಿಫ್ಟಿಯನ್ನು ತೆಗೆದುಕೊಳ್ಳಿ. ನೀವೂ ದಿನದ ಚಾರ್ಟ್ ತೆರೆದು ಪಕ್ಕದಲ್ಲಿ ಇಟ್ಟುಕೊಂಡರೆ ಒಳ್ಳೆಯದು.

2024ರ ಸೆಪ್ಟೆಂಬರ್ 27ರಂದು ನಿಫ್ಟಿ 26,277 ಮುಟ್ಟಿ ಇಳಿಯಲು ಶುರು ಮಾಡಿತು. ಡಿಸೆಂಬರ್‌ನ ಶಿಖರ 24,857, ಜನವರಿ ಆರಂಭದ್ದು 24,226, ಫೆಬ್ರುವರಿ 5ರದ್ದು 23,807. ಶಿಖರಗಳು ಮೆಟ್ಟಿಲು ಇಳಿದ ಹಾಗೆ ಇಳಿದವು. ತಗ್ಗುಗಳೂ ಹಾಗೆಯೇ: ನವೆಂಬರ್‌ನಲ್ಲಿ 23,263, ಜನವರಿ ಕೊನೆಯಲ್ಲಿ 22,786, ಮಾರ್ಚ್ 4ರಂದು 21,964. ನಡುವೆ ಡಿಸೆಂಬರ್ ಕೊನೆಯ ತಗ್ಗು ನವೆಂಬರ್‌ನದಕ್ಕಿಂತ ಮೇಲೆಯೇ ನಿಂತಿತು, ಪಾಠದ ಚಿತ್ರದಲ್ಲಿ ಇರುವಂಥ ಅಚ್ಚುಕಟ್ಟು ಗರಗಸದ ಹಲ್ಲು ನಿಜವಾದ ಚಾರ್ಟ್‌ನಲ್ಲಿ ಸಿಗುವುದಿಲ್ಲ. ಅದರಿಂದ ಗಾಬರಿ ಬೇಡ. ಲೆಕ್ಕದ ಶಿಖರ ಮುರಿಯದೆ ಇರುವವರೆಗೆ ಇಳಿಮುಖ ಇಳಿಮುಖವೇ.

ಮಾರ್ಚ್ 4ರ ತಳಕ್ಕೆ ತಳ್ಳಿದ ಇಳಿತ ಶುರುವಾದದ್ದು ಫೆಬ್ರುವರಿ 5ರ 23,807ರಿಂದ. ಹಾಗಾಗಿ ಆಗಿನ ಲೆಕ್ಕದ ಶಿಖರ ಅದು. ಮಾರ್ಚ್ ಮಧ್ಯದಿಂದ ನಿಫ್ಟಿ ಎದ್ದಿತು, ಜೋರಾಗಿಯೇ ಎದ್ದಿತು. ಮಾರ್ಚ್ 25ರಂದು ದಿನದ ನಡುವೆ 23,869ಕ್ಕೆ ಹೋಯಿತು. ಅಂದರೆ ಲೆಕ್ಕದ ಶಿಖರವನ್ನು ಅರವತ್ತು ಅಂಕ ದಾಟಿತು. ಆವತ್ತು ಟೆಲಿಗ್ರಾಂ ಗುಂಪುಗಳಲ್ಲಿ ಹಬ್ಬ. ದಿನ ಮುಗಿದಾಗ ನಿಫ್ಟಿ ಇದ್ದದ್ದು 23,668ರಲ್ಲಿ. ಬಾಲ ದಾಟಿತ್ತು, ಮುಕ್ತಾಯ ದಾಟಿರಲಿಲ್ಲ. ಅಲ್ಲಿಂದ ಎರಡು ವಾರ ತುಂಬುವುದರೊಳಗೆ, ಅಮೆರಿಕದ ಸುಂಕದ ಘೋಷಣೆಯ ಬೆನ್ನಿಗೆ, ಏಪ್ರಿಲ್ 7ರಂದು 21,743 ಕಂಡಿತು. ಮಾರ್ಚ್‌ನ ತಳಕ್ಕಿಂತಲೂ ಕೆಳಗೆ. ಇಳಿಮುಖ ಮುಗಿದೇ ಇರಲಿಲ್ಲ.

ಬಾಲ ಯಾಕೆ ಹೀಗೆ ದಾಟಿ ವಾಪಸ್ ಬರುತ್ತದೆ? ಮೇಲಿನ ಶಿಖರದಲ್ಲಿ ಶಾರ್ಟ್ ಮಾಡಿದವರ ಸ್ಟಾಪ್‌ಲಾಸ್ ಎಲ್ಲಿರುತ್ತದೆ ಯೋಚಿಸಿ. ಆ ಶಿಖರದ ಸ್ವಲ್ಪ ಮೇಲೆ. ಶಾರ್ಟ್ ಮಾಡಿದವರ ಸ್ಟಾಪ್‌ಲಾಸ್ ಎಂದರೆ ಕೊಳ್ಳುವ ಆರ್ಡರ್. ಮುರಿತ ಆಗುತ್ತದೆಂದು ಕಾದವರ ಕೊಳ್ಳುವ ಆರ್ಡರ್‌ಗಳೂ ಅದೇ ಜಾಗದಲ್ಲಿ. ಬೆಲೆ ಅಲ್ಲಿಗೆ ಮುಟ್ಟಿದ ಕೂಡಲೇ ಇವೆರಡೂ ಒಟ್ಟಿಗೆ ಸಿಡಿದು ಬೆಲೆಯನ್ನು ಇನ್ನೊಂದಿಷ್ಟು ಮೇಲಕ್ಕೆ ಎಳೆಯುತ್ತವೆ. ದೊಡ್ಡ ಪ್ರಮಾಣದಲ್ಲಿ ಮಾರಬೇಕಾದವರಿಗೆ ಇಷ್ಟು ಕೊಳ್ಳುವವರು ಒಟ್ಟಿಗೆ ಸಿಗುವ ಜಾಗ ಬೇರೆ ಇಲ್ಲ. ಆ ಆರ್ಡರ್‌ಗಳು ಖಾಲಿಯಾದ ಮೇಲೆಯೂ ಬೆಲೆ ಅಲ್ಲೇ ನಿಂತರೆ ಮುರಿತ ನಿಜ. ನಿಲ್ಲಲಿಲ್ಲ ಅಂದರೆ ಅದು ಬರೀ ಸ್ಟಾಪ್‌ಲಾಸ್‌ಗಳ ಸದ್ದು. ದಿನದ ಮುಕ್ತಾಯ ಆ ಸದ್ದು ಅಡಗುವಷ್ಟು ಹೊತ್ತು ಕೊಡುತ್ತದೆ. ಐದು ನಿಮಿಷದ ಮುಕ್ತಾಯ ಕೊಡುವುದಿಲ್ಲ. ನಿಮ್ಮ ಸುಳ್ಳು ಬ್ರೇಕ್‌ಗಳ ದೊಡ್ಡ ಪಾಲು ಇಲ್ಲೇ ಹುಟ್ಟುತ್ತಿದೆ ಎಂದು ನನ್ನ ಗುಮಾನಿ.

ಏಪ್ರಿಲ್ 7ರ ನಂತರ ಲೆಕ್ಕದ ಶಿಖರ ಬದಲಾಯಿತು. ಹೊಸ ತಳ 21,743. ಅದಕ್ಕೆ ತಳ್ಳಿದ ಇಳಿತ ಶುರುವಾದದ್ದು ಮಾರ್ಚ್ 25ರ 23,869ರಿಂದ. ಇನ್ನು ಮೇಲೆ ನೋಡಬೇಕಾದ ಗೆರೆ ಇದೊಂದೇ. ಸುಂಕಕ್ಕೆ 90 ದಿನದ ವಿರಾಮ ಬಂದ ಮೇಲೆ ನಿಫ್ಟಿ ಗ್ಯಾಪ್ ಮೇಲೆ ಗ್ಯಾಪ್ ಹಾಕುತ್ತಾ ಓಡಿತು. ಏಪ್ರಿಲ್ 17ರ ಗುರುವಾರ ಸರಿಯಾಗಿ ಆ ಗೆರೆಯ ಹತ್ತಿರಕ್ಕೆ ಬಂದು 23,851ಕ್ಕೆ ಮುಗಿಯಿತು. ಹದಿನೆಂಟು ಅಂಕ ಕಡಿಮೆ. ಹದಿನೆಂಟು ಅಂಕಕ್ಕೆಲ್ಲ ಯಾಕೆ ಹಟ ಎನ್ನಬಹುದು. ನಾನು ಹಟ ಮಾಡುತ್ತೇನೆ, ಮೂರು ವಾರ ಹಿಂದೆ ಅಷ್ಟೇ ಹತ್ತಿರದಲ್ಲಿ ಬಾಗಿಲು ಮುಖಕ್ಕೆ ಬಡಿದಿತ್ತು. ಗುಡ್ ಫ್ರೈಡೇ ರಜೆ, ವಾರಾಂತ್ಯ ಕಳೆದು ಏಪ್ರಿಲ್ 21ರ ಸೋಮವಾರ ನಿಫ್ಟಿ 24,125ಕ್ಕೆ ಮುಗಿಯಿತು. ಇದು ಮುರಿತ.

ಈಗ ನೀವು ಕೇಳಿದ ಪುಲ್‌ಬ್ಯಾಕ್. ಸೋಮವಾರವೇ ಕೊಂಡಿದ್ದರೆ ಏನಾಗುತ್ತಿತ್ತು? ಕೊಂಡ ಬೆಲೆ 24,125. ಸ್ಟ್ರಕ್ಚರ್ ಪ್ರಕಾರ ತಪ್ಪಾದೆವು ಎಂದು ಒಪ್ಪಿಕೊಳ್ಳಬೇಕಾದ ತಗ್ಗು 21,743. ನಡುವೆ ಸುಮಾರು 2,400 ಅಂಕ, ಶೇ 10ರ ಹತ್ತಿರ. ಯಾರೂ ಅಷ್ಟು ದೂರ ಸ್ಟಾಪ್ ಇಡುವುದಿಲ್ಲ. ಗೆರೆಯ ಕೆಳಗೆ ಇಡೋಣ ಎಂದರೆ ಆ ಗೆರೆ ಬೆಲೆಯನ್ನು ತಡೆಯುತ್ತದೋ ಇಲ್ಲವೋ ಇನ್ನೂ ಯಾರಿಗೂ ಗೊತ್ತಿಲ್ಲ. ಪುಲ್‌ಬ್ಯಾಕ್‌ಗೆ ಕಾಯುವುದು ಅಗ್ಗದಲ್ಲಿ ಕೊಳ್ಳುವುದಕ್ಕೆ ಎಂದು ಬಹಳ ಜನ ತಿಳಿದಿದ್ದಾರೆ. ನನಗೆ ಅದು ಬೇಕಾಗುವುದು ಸ್ಟಾಪ್ ಇಡಲು ಮಾರುಕಟ್ಟೆಯೇ ತೋರಿಸಿಕೊಟ್ಟ ಒಂದು ಜಾಗಕ್ಕಾಗಿ. ಬೆಲೆ ಗೆರೆಗೆ ಮರಳಿ, ಅಲ್ಲಿ ಮಾರುವವರು ಮತ್ತೊಮ್ಮೆ ಪ್ರಯತ್ನಿಸಿ, ಸೋತರೆ, ಅವರು ಸೋತ ಜಾಗವೇ ನನ್ನ ಸ್ಟಾಪ್.

ಅದು ಬಂದದ್ದು ಏಪ್ರಿಲ್ 25ರ ಶುಕ್ರವಾರ. 22ರಂದು ಪಹಲ್ಗಾಮ್ ದಾಳಿ ಆಗಿತ್ತು, ಗಡಿಯಲ್ಲಿ ಬಿಸಿ ಏರಿತ್ತು. ಬೆಳಿಗ್ಗೆ 24,365ರವರೆಗೆ ಹೋದ ನಿಫ್ಟಿ ಅದೇ ದಿನ 500 ಅಂಕಕ್ಕೂ ಹೆಚ್ಚು ಕುಸಿದು 23,847 ಮುಟ್ಟಿತು. ಗೆರೆ 23,869, ಅದಕ್ಕಿಂತ ಇಪ್ಪತ್ತೆರಡು ಅಂಕ ಕೆಳಗೆ. ಆ ಹೊತ್ತಿನಲ್ಲಿ ಐದು ನಿಮಿಷದ ಚಾರ್ಟ್ ನೋಡುತ್ತಿದ್ದವನಿಗೆ ಕಾಣುವುದು ಒಂದರ ಹಿಂದೊಂದು ಕೆಂಪು ಕ್ಯಾಂಡಲ್, ಸಾಲು ಸಾಲು ಲೋಯರ್ ಲೋ, ಅಷ್ಟೇ. ನಿಮ್ಮ ಪದ್ಧತಿಯಲ್ಲಿ ಅದು ಶಾರ್ಟ್ ಮಾಡುವ ಜಾಗ. ದಿನದ ಚಾರ್ಟ್‌ನಲ್ಲಿ ಅದು ಮುರಿದ ಗೆರೆಗೆ ಬಂದ ಮೊದಲ ಪುಲ್‌ಬ್ಯಾಕ್. ದಿನ ಮುಗಿದಾಗ ನಿಫ್ಟಿ ತಳದಿಂದ 190 ಅಂಕ ಮೇಲೆದ್ದು 24,039ರಲ್ಲಿ ನಿಂತಿತ್ತು. ಬಾಲ ಗೆರೆಯ ಕೆಳಗೆ ಹೋಗಿತ್ತು, ಮುಕ್ತಾಯ ಗೆರೆಯ ಮೇಲೆ. ಮಾರ್ಚ್ 25ರಂದು ನಡೆದದ್ದರ ತದ್ವಿರುದ್ಧ ಚಿತ್ರ ಇದು, ಸರಿಸುಮಾರು ಅದೇ ಬೆಲೆಯಲ್ಲಿ. ಅಂದು ಗೆರೆಯ ಮೇಲೆ ಕೊಂಡವರು ಸಿಕ್ಕಿಬಿದ್ದಿದ್ದರು, ಇಂದು ಕೆಳಗೆ ಮಾರಿದವರು ಸಿಕ್ಕಿಬಿದ್ದರು.

ಗೆರೆ ಮುಟ್ಟಿದ ಕ್ಷಣದಲ್ಲೇ ಕೊಳ್ಳುವುದು ನನಗೆ ಹಿಡಿಸುವುದಿಲ್ಲ. ನಿಮ್ಮ ಸ್ಟಾಪ್ ಮೊದಲು ಹೊಡೆದು ಆಮೇಲೆ ಬೆಲೆ ಮೇಲೆ ಹೋಗುವುದು ಇದರಿಂದಲೇ. 23,869ರಲ್ಲಿ ಕೊಂಡು ಇಪ್ಪತ್ತು ಅಂಕ ಕೆಳಗೆ ಸ್ಟಾಪ್ ಇಟ್ಟಿದ್ದವನು ಏಪ್ರಿಲ್ 25ರಂದು ಎರಡೇ ಅಂಕದಲ್ಲಿ ಹೊರಬಿದ್ದಿರುತ್ತಾನೆ, ಅವನ ಅಂದಾಜು ಅಕ್ಷರಶಃ ಸರಿ ಇದ್ದರೂ. ಗೆರೆ ಎಂದರೆ ನೂಲಿನ ಎಳೆ ಅಲ್ಲ, ಗದ್ದೆಯ ಬದುವಿನ ಹಾಗೆ ಅಗಲ ಇರುವ ಪಟ್ಟಿ. ಅದರ ಅಗಲ ಎಷ್ಟೆಂದು ಪುಲ್‌ಬ್ಯಾಕ್ ಮುಗಿದ ಮೇಲೆ ಅದರ ತಳವೇ ಹೇಳುತ್ತದೆ.

ಹಾಗಾಗಿ ಕ್ರಮ ಹೀಗೆ. ಶುಕ್ರವಾರದ ಮುಕ್ತಾಯ ಗೆರೆಯ ಮೇಲೆ ಉಳಿದದ್ದನ್ನು ನೋಡಿಕೊಂಡು, ಸೋಮವಾರ ಏಪ್ರಿಲ್ 28ರಂದು 24,100ರ ಸುತ್ತ ಕೊಳ್ಳುವುದು. ಸ್ಟಾಪ್ ಪುಲ್‌ಬ್ಯಾಕ್‌ನ ತಳ 23,847ಕ್ಕಿಂತ ಐವತ್ತರಷ್ಟು ಅಂಕ ಕೆಳಗೆ, 23,800ರಲ್ಲಿ. ಅಪಾಯ 300 ಅಂಕ. ಆ ಸೋಮವಾರ ನಿಫ್ಟಿ 24,328ಕ್ಕೆ ಮುಗಿಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ನೀವು ಐದು ನಿಮಿಷಕ್ಕೆ ಅಂಟಿಕೊಂಡಿರುವುದಕ್ಕೆ ನಿಜವಾದ ಕಾರಣ ಈ 300 ಅಂಕವೇ ಇರಬಹುದು. ಆಗ ನಿಫ್ಟಿ ಲಾಟ್ 75. ಒಂದು ಲಾಟ್ ಫ್ಯೂಚರ್ಸ್‌ಗೆ 300 ಅಂಕ ಎಂದರೆ 22,500 ರೂಪಾಯಿ. ಒಂದು ಟ್ರೇಡ್‌ಗೆ ಬಂಡವಾಳದ ಶೇ 1ಕ್ಕಿಂತ ಹೆಚ್ಚು ಕಳೆದುಕೊಳ್ಳಬಾರದು ಎಂದು ಇಟ್ಟುಕೊಂಡರೆ ಇದಕ್ಕೆ ಇಪ್ಪತ್ತೆರಡೂವರೆ ಲಕ್ಷ ಬೇಕು. ಎರಡು ಲಕ್ಷ ಇರುವವನು ಅದೇ ಲಾಟ್ ಆಡಬೇಕೆಂದರೆ ಸ್ಟಾಪ್ ಅನ್ನು 25 ಅಂಕಕ್ಕೆ ಇಳಿಸಬೇಕು, ಅದಕ್ಕೆ ಐದು ನಿಮಿಷದ ಸ್ವಿಂಗ್‌ಗಳೇ ಗತಿ. ಅಂದರೆ ಸ್ಟಾಪ್ ಎಲ್ಲಿರಬೇಕೆಂದು ಚಾರ್ಟ್ ಹೇಳುತ್ತಿಲ್ಲ, ಜೇಬು ಹೇಳುತ್ತಿದೆ. ಅದರ ಮೇಲೆ ಖರ್ಚು ಬೇರೆ: ಆಗಿನ ಶೇ 0.02ರ ದರದಲ್ಲಿ 24,000ದ ಆಸುಪಾಸು ಒಂದು ಲಾಟ್ ಮಾರಿದರೆ ಎಸ್‌ಟಿಟಿ ಒಂದೇ 360 ರೂಪಾಯಿ, ಸುಮಾರು ಐದು ಅಂಕ. 25 ಅಂಕದ ಸ್ಟಾಪ್ ಇಟ್ಟವನಿಗೆ ಅದು ಅಪಾಯದ ಐದನೇ ಒಂದು ಪಾಲು, 300 ಅಂಕದವನಿಗೆ ಲೆಕ್ಕಕ್ಕೇ ಇಲ್ಲ.

ಇದಕ್ಕೆ ಉಪಾಯ ಇದೆ, ರೋಚಕವಾಗಿಲ್ಲ ಅಷ್ಟೇ. ನಿಫ್ಟಿಯನ್ನು ಹಿಂಬಾಲಿಸುವ ಇಟಿಎಫ್‌ಗಳಲ್ಲಿ ಕೆಲವು ಸೂಚ್ಯಂಕದ ಹೆಚ್ಚೂಕಡಿಮೆ ನೂರನೇ ಒಂದು ಪಾಲಿನ ಬೆಲೆಗೆ ಸಿಗುತ್ತವೆ. ಯೂನಿಟ್‌ಗೆ 270 ರೂಪಾಯಿ ಎಂದಿಟ್ಟುಕೊಳ್ಳಿ. 24,100ಕ್ಕೆ 300 ಅಂಕ ಎಂದರೆ ಶೇ 1.25ರಷ್ಟು, ಯೂನಿಟ್‌ಗೆ ಸುಮಾರು 3 ರೂಪಾಯಿ 35 ಪೈಸೆ. ಎರಡು ಲಕ್ಷದ ಶೇ 1, ಅಂದರೆ 2,000 ರೂಪಾಯಿ ಅಪಾಯಕ್ಕೆ ಒಡ್ಡುವುದಾದರೆ ಸುಮಾರು 600 ಯೂನಿಟ್, ಹೂಡಿಕೆ 1.6 ಲಕ್ಷ. ಮೊದಲು ಸ್ಟಾಪ್‌ನ ಜಾಗ, ಆಮೇಲೆ ಅದಕ್ಕೆ ತಕ್ಕಷ್ಟು ಪ್ರಮಾಣ. ಈ ಕ್ರಮ ತಿರುವುಮುರುವಾದರೆ ಸ್ಟ್ರಕ್ಚರ್ ಎಷ್ಟು ಚೆನ್ನಾಗಿ ಓದಿದರೂ ಪ್ರಯೋಜನ ಇಲ್ಲ.

ಟ್ರೇಡ್‌ಗೆ ವಾಪಸ್ ಬರುತ್ತೇನೆ. ಮೇ 2ರಂದು ನಿಫ್ಟಿ 24,589 ಕಂಡಿತು, ಮತ್ತೆ ಇಳಿಯಿತು. ಮೇ 9ರ ಶುಕ್ರವಾರ, ಆಪರೇಷನ್ ಸಿಂಧೂರದ ನಂತರದ ದಿನಗಳು, 23,935ಕ್ಕೆ ಇಳಿದು 24,008ಕ್ಕೆ ಮುಗಿಯಿತು. 24,100ಕ್ಕೆ ಕೊಂಡವನು 92 ಅಂಕ ನಷ್ಟದಲ್ಲಿದ್ದಾನೆ. ಸ್ಟಾಪ್ 23,800 ಹೊಡೆದಿಲ್ಲ, ಪುಲ್‌ಬ್ಯಾಕ್‌ನ ತಳವೂ ಮುರಿದಿಲ್ಲ, ಕೈಬಿಡಲು ಸ್ಟ್ರಕ್ಚರ್ ಪ್ರಕಾರ ಕಾರಣ ಇಲ್ಲ. ಆದರೆ ಎರಡು ದೇಶಗಳ ನಡುವೆ ಕ್ಷಿಪಣಿ, ಡ್ರೋನ್ ಹಾರುತ್ತಿರುವಾಗ ವಾರಾಂತ್ಯ ದಾಟಿಸಬೇಕೇ? 10ರ ಸಂಜೆ ಕದನವಿರಾಮ ಘೋಷಣೆಯಾಯಿತು, 12ರ ಸೋಮವಾರ ನಿಫ್ಟಿ ಒಂದೇ ದಿನ 916 ಅಂಕ ಏರಿ 24,924ಕ್ಕೆ ಮುಗಿಯಿತು. ಈಗ ಹಿಂತಿರುಗಿ ನೋಡಿ ಎಷ್ಟು ಚಂದದ ಟ್ರೇಡ್ ಎನ್ನಬಹುದು. ಘೋಷಣೆ ಬಾರದೆ ಹೋಗಿದ್ದರೆ ಸೋಮವಾರ 23,400ಕ್ಕೆ ತೆರೆಯುವ ಸಾಧ್ಯತೆಯೂ ಅಷ್ಟೇ ನಿಜವಾಗಿತ್ತು. ಆಗ 23,800ರ ಸ್ಟಾಪ್ 23,800ರಲ್ಲಿ ಮಾರುವುದಿಲ್ಲ, ತೆರೆದ ಬೆಲೆಯಲ್ಲಿ ಮಾರುತ್ತದೆ, 300 ಅಂಕದ ಅಪಾಯ 700 ಆಗುತ್ತದೆ. ಗ್ಯಾಪ್‌ಗೆ ಸ್ಟ್ರಕ್ಚರ್ ಗೊತ್ತಿಲ್ಲ. ಅಂಥ ವಾರಾಂತ್ಯಗಳಲ್ಲಿ ನಾನು ಅರ್ಧ ಇಳಿಸುತ್ತೇನೆ ಅಥವಾ ಸ್ವಲ್ಪ ಹಣ ಪುಟ್ ಆಪ್ಷನ್‌ಗೆ ಹಾಕುತ್ತೇನೆ. ಆ ಸೋಮವಾರ ಅರ್ಧ ಇಳಿಸಿದ್ದಕ್ಕೆ ಬೇಸರವಾದದ್ದು ಸುಳ್ಳಲ್ಲ.

ಒಂದೇ ಉದಾಹರಣೆ ಕೊಟ್ಟು ನಿಮ್ಮನ್ನು ನಂಬಿಸುವುದು ಸರಿಯಲ್ಲ, ಹಾಗಾಗಿ ಸಲೀಸಾಗಿ ಹೋಗದ ಒಂದನ್ನೂ ನೋಡಿ. 2022ರ ಸೆಪ್ಟೆಂಬರ್ 15ರಂದು ನಿಫ್ಟಿ 18,096 ಮುಟ್ಟಿ, ತಿಂಗಳ ಕೊನೆಗೆ 16,747ಕ್ಕೆ ಇಳಿದು, ಮತ್ತೆ ಏರಿತು. ನವೆಂಬರ್ 1ರ ಮುಕ್ತಾಯ 18,145, ಏರುಮುಖದಲ್ಲೇ ಆದ ಮುರಿತ. ಮರುದಿನ 18,082, ಅದರ ಮರುದಿನ 18,052, ಎರಡೂ ಗೆರೆಯ ಕೆಳಗೆ. 4ರಂದು ಮತ್ತೆ ಮೇಲೆ. 10ರಂದು 18,028, ಮತ್ತೆ ಕೆಳಗೆ. 11ರಂದು ಗ್ಯಾಪ್‌ನಲ್ಲಿ ಎದ್ದು 18,349. ಗೆರೆಯ ಕೆಳಗೆ ಮುಗಿದ ಕೂಡಲೇ ಹೊರಬರುತ್ತೇನೆ ಎಂದವನು ಎರಡು ಸಲ ಹೊರಬಿದ್ದು ಮೂರನೆಯ ಸಲ ಧೈರ್ಯ ಸಾಲದೆ ಕೂತಿರುತ್ತಾನೆ. ತಡೆದುಕೊಂಡವನಿಗೂ ದೊಡ್ಡ ಹಬ್ಬವೇನೂ ಆಗಲಿಲ್ಲ. ಡಿಸೆಂಬರ್ 1ಕ್ಕೆ 18,887 ಕಂಡ ನಿಫ್ಟಿ ಅದೇ ತಿಂಗಳ 23ಕ್ಕೆ 17,806ಕ್ಕೆ ಬಂದು ಮುರಿತದ ಗೆರೆಯಿಂದ ಸುಮಾರು 300 ಅಂಕ ಕೆಳಗೆ ಮುಗಿಯಿತು.

ಇದರಿಂದ ನಾನು ಕಲಿತದ್ದು ಪುಲ್‌ಬ್ಯಾಕ್ ನಡೆಯುತ್ತಿರುವಾಗ ಅದು ಪುಲ್‌ಬ್ಯಾಕೋ ಸೋಲೋ ಎಂದು ಖಚಿತವಾಗಿ ಹೇಳುವ ಗುರುತು ಇಲ್ಲ ಎನ್ನುವುದನ್ನು. ಅನುಮಾನ ಹುಟ್ಟಿಸುವ ಗುರುತು ಮಾತ್ರ ಇದೆ. ಗೆರೆಯ ಕೆಳಗೆ ಮುಗಿದ ದಿನ ಕ್ಯಾಂಡಲ್ ಎಷ್ಟು ಉದ್ದ, ಮುಕ್ತಾಯ ದಿನದ ತಳಕ್ಕೆ ಎಷ್ಟು ಹತ್ತಿರ ಎಂದು ನೋಡುತ್ತೇನೆ. 2022ರ ನವೆಂಬರ್‌ನ ಆ ಮೂರೂ ಮುಕ್ತಾಯಗಳು ಗೆರೆಯಿಂದ ಎಪ್ಪತ್ತು ಅಂಕದೊಳಗೇ ಇದ್ದವು, ಬೆಲೆ ಗೆರೆಯನ್ನು ಬಿಟ್ಟು ಓಡಲಿಲ್ಲ, ಅಲ್ಲೇ ಸುಳಿದಾಡಿತು. ಗೆರೆಯ ಕೆಳಗೆ ಒಂದು ಉದ್ದನೆಯ ಕ್ಯಾಂಡಲ್ ತಳದಲ್ಲೇ ಮುಗಿದು, ಮರುದಿನ ಅದರ ಅರ್ಧದಷ್ಟೂ ಮೇಲೆ ಏಳದಿದ್ದರೆ ನಾನು ಸ್ಟಾಪ್ ಹೊಡೆಯುವವರೆಗೆ ಕಾಯುವುದಿಲ್ಲ.

ಇನ್ನೊಂದು ಕಷ್ಟ: ಪುಲ್‌ಬ್ಯಾಕ್ ಬಾರದೆಯೇ ಇರಬಹುದು. 2024ರ ಅಕ್ಟೋಬರ್‌ನಲ್ಲಿ ಆದದ್ದು ಹಾಗೆಯೇ. 26,277ರ ಶಿಖರಕ್ಕೆ ಮುಂಚಿನ ತಗ್ಗು ಇದ್ದದ್ದು ಸೆಪ್ಟೆಂಬರ್ ಎರಡನೇ ವಾರ, 24,750ರ ಆಸುಪಾಸಿನಲ್ಲಿ. ಅಕ್ಟೋಬರ್ ಮಧ್ಯದಲ್ಲಿ ಬೆಲೆ ಅದರ ಮೇಲೆ ಕೆಳಗೆ ಒದ್ದಾಡಿ, 22ರಂದು 24,472ಕ್ಕೆ ಮುಗಿದಾಗ ಮುರಿತ ಅನುಮಾನವಿಲ್ಲದಂತೆ ಕಂಡಿತು. ಆ ಗೆರೆಗೆ ಮರಳಿದರೆ ಶಾರ್ಟ್ ಮಾಡೋಣ ಎಂದು ಕಾದವನು ನವೆಂಬರ್ 21ರ 23,263ರವರೆಗಿನ ಇಳಿತವನ್ನು ದಡದಲ್ಲಿ ನಿಂತು ನೋಡಿದ. ಬೆಲೆ ಆ ಗೆರೆಗೆ ಮರಳಿದ್ದು ಡಿಸೆಂಬರ್‌ನಲ್ಲಿ. ನಾನೂ ಆಗ ದಡದಲ್ಲೇ ಇದ್ದೆ. ಮುರಿತದ ದಿನವೇ ಅರ್ಧ, ಪುಲ್‌ಬ್ಯಾಕ್‌ನಲ್ಲಿ ಇನ್ನರ್ಧ ತೆಗೆದುಕೊಳ್ಳುವವರಿದ್ದಾರೆ. ನನಗೆ ಅದು ಒಗ್ಗಲಿಲ್ಲ, ಸುಳ್ಳು ಮುರಿತಗಳಲ್ಲಿ ಯಾವಾಗಲೂ ಮೊದಲರ್ಧ ಕೈಯಲ್ಲಿರುತ್ತದೆ, ನಿಜವಾದ ಓಟದಲ್ಲಿ ಎರಡನೆಯರ್ಧ ಸಿಗುವುದಿಲ್ಲ.

ನಿಮಗೆ ದಿನಗಟ್ಟಲೆ ಹಿಡಿದಿಡುವುದು ಸಾಧ್ಯವೇ ಇಲ್ಲ, ಅದೇ ದಿನ ಮುಗಿಸಬೇಕು ಎನ್ನುವುದಾದರೆ ಗೆರೆಯನ್ನು ಒಂದು ಗಂಟೆಯ ಚಾರ್ಟ್‌ನಿಂದ ತೆಗೆದುಕೊಳ್ಳಿ, ಮುಕ್ತಾಯವನ್ನೂ ಒಂದು ಗಂಟೆಯ ಕ್ಯಾಂಡಲ್‌ನದ್ದೇ ನೋಡಿ. ಐದು ನಿಮಿಷವನ್ನು ಆ ಗೆರೆಯ ಹತ್ತಿರ ಬೆಲೆ ಬಂದಾಗ ಮಾತ್ರ ತೆರೆಯಿರಿ, ಪುಲ್‌ಬ್ಯಾಕ್ ಮುಗಿದು ಬೆಲೆ ತಿರುಗಿತೇ ಎಂದು ನೋಡುವುದಕ್ಕೆ. ಉಳಿದ ಹೊತ್ತು ಅದನ್ನು ಮುಚ್ಚಿಡಿ. ದಿನಕ್ಕೆ ಆರು ಟ್ರೇಡ್ ಮಾಡುತ್ತಿದ್ದವರಿಗೆ ವಾರಕ್ಕೆ ಎರಡೋ ಮೂರೋ ಸಿಗುತ್ತವೆ.

ಕೊನೆಗೆ ಹೊರಬರುವ ಮಾತು, ನೀವು ಕೇಳಿಲ್ಲ, ಆದರೂ. ಮೇ 12ರಂದು ನಿಫ್ಟಿ ಮೇ 2ರ 24,589ನ್ನು ದಾಟಿ ಮುಗಿದಾಗ ಮೇ 9ರ 23,935 ಲೆಕ್ಕದ ತಗ್ಗಾಯಿತು, ಸ್ಟಾಪ್ ಅದರ ಕೆಳಕ್ಕೆ ಏರಿತು. ಜೂನ್‌ನಲ್ಲಿ ಇನ್ನೂ ಹೊಸ ಶಿಖರ ಬಂದ ಮೇಲೆ ಲೆಕ್ಕದ ತಗ್ಗು ಜೂನ್ 13ರ 24,473 ಆಯಿತು. ತಿಂಗಳ ಕೊನೆಗೆ ನಿಫ್ಟಿ 25,669 ಮುಟ್ಟಿತು. ಆಮೇಲೆ ಇಳಿಯುತ್ತಾ ಇಳಿಯುತ್ತಾ ಆಗಸ್ಟ್ 8ರಂದು 24,363ಕ್ಕೆ ಮುಗಿಯಿತು, 24,473ರ ಕೆಳಗೆ. ನಿಯಮದ ಪ್ರಕಾರ ಅಂದು ಆಟ ಮುಗಿಯಿತು. 24,100ಕ್ಕೆ ಕೊಂಡವನ ಕೈಗೆ ಬಂದದ್ದು 263 ಅಂಕ, ಅಪಾಯಕ್ಕೆ ಒಡ್ಡಿದ 300ಕ್ಕಿಂತಲೂ ಕಡಿಮೆ. ಮರು ವಹಿವಾಟಿನ ದಿನವೇ ನಿಫ್ಟಿ 24,585ಕ್ಕೆ ವಾಪಸ್ ಬಂದು ಗಾಯಕ್ಕೆ ಉಪ್ಪು ಸವರಿತು. ಅದೇ ಟ್ರೇಡ್‌ನಲ್ಲಿ ಒಡ್ಡಿದ ಅಪಾಯದ ಎರಡು ಪಟ್ಟು ಬಂದಾಗ, ಅಂದರೆ 24,700ರಲ್ಲಿ, ಅರ್ಧ ಮಾರಿದವನಿಗೆ ಆ ಅರ್ಧಕ್ಕೆ 600 ಅಂಕ ಮೇ 12ರಂದೇ ಸಿಕ್ಕಿತ್ತು. ನಾನು ಅರ್ಧವನ್ನು ಅಲ್ಲಿ ಮಾರಿ, ಉಳಿದರ್ಧವನ್ನು ಲೆಕ್ಕದ ತಗ್ಗು ಮುರಿಯುವವರೆಗೆ ಬಿಡುತ್ತೇನೆ.